ಶಾಂತಕ್ಕ ಮೂರನೇ ಅಧ್ಯಾಯದಲ್ಲಿ ಏನು ಮಾಡುತ್ತಾಳೆ?

ಪ್ರಶ್ನೆ: ಮೊದಲ ಕಾದಂಬರಿ ಬರೆಯುತ್ತಿದ್ದೇನೆ. ಧಾರವಾಡದಲ್ಲಿ ಖಾನಾವಳಿ ನಡೆಸುವ ಶಾಂತಕ್ಕನ ಕಥೆ. ಒಂದನೇ ಅಧ್ಯಾಯದಲ್ಲಿ ಖಾನಾವಳಿಯ ಒಂದು ದಿನ. ಎರಡರ ಕೊನೆಗೆ ಕಟ್ಟಡದ ಮಾಲೀಕ ಬಂದು 3 ತಿಂಗಳಲ್ಲಿ ಖಾಲಿ ಮಾಡಿ ಅಂತಾನೆ. ಮೂರರಲ್ಲಿ ಅವಳು ರಾತ್ರಿ ಒಬ್ಬಳೇ ಕೂತು ಹಳೆಯದನ್ನೆಲ್ಲ ನೆನೆಯುತ್ತಾಳೆ, ಅಲ್ಲಿಗೇ ನಿಂತಿದೆ. ಮೊದಲೆರಡು ಅಧ್ಯಾಯ ಸೇರಿ 7,000 ಪದ ಆಗಿದೆ. ಮೂರು ಅಂಕದ ಔಟ್‌ಲೈನ್ ಹಾಕಿಕೊಳ್ಳಲಾ, ಇಲ್ಲ ಪಾತ್ರ ಕರೆದುಕೊಂಡು ಹೋದ ಕಡೆ ಹೋಗಲಾ?

ಉತ್ತರ:

ಮೊದಲು ಪಾತ್ರ. ಮೂರು ಅಂಕದ ಲೆಕ್ಕ ಆಮೇಲೆ, ಅದೂ ಅಳತೆಗೆ ಮಾತ್ರ. ಯಾಕೆ ಅಂತ ನಿಮ್ಮ ಶಾಂತಕ್ಕನನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲ ಎರಡು ಅಧ್ಯಾಯಗಳು ಪರಿಚಯದ ಬಲದ ಮೇಲೆ ನಡೆದುಬಿಡುತ್ತವೆ. ಜಾಗ ಹೊಸದು, ಜನ ಹೊಸಬರು, ಕೊನೆಗೆ ಒಂದು ಕೆಟ್ಟ ಸುದ್ದಿ. ಇಲ್ಲಿವರೆಗೆ ಆಗಿದ್ದೆಲ್ಲ ಶಾಂತಕ್ಕನಿಗೆ ಆಗಿದ್ದು, ಅವಳು ಮಾಡಿದ್ದು ಏನೂ ಇಲ್ಲ. ಮೂರನೆಯದರಲ್ಲಿ ಅವಳೇ ಏನಾದರೂ ಮಾಡಬೇಕು. ಆದರೆ ಇಂಥ ಹೊತ್ತಿನಲ್ಲಿ ಅವಳು ಏನು ಮಾಡುವ ಹೆಂಗಸು ಅಂತ ನಿಮಗಿನ್ನೂ ಗೊತ್ತಿಲ್ಲ. ಹಾಗಾಗಿ ಅವಳನ್ನು ಕೂರಿಸಿ ನೆನಪು ಮಾಡಿಸುತ್ತಿದ್ದೀರಿ. ಆ ಅಧ್ಯಾಯದ ಕರಡು ತೆಗೆದು ಪೆನ್ಸಿಲ್ ಹಿಡಿದು ಕೂತುಕೊಳ್ಳಿ. 'ಬಂದಿದ್ದ', 'ಹೇಳಿದ್ದಳು', 'ಹಾಗಿತ್ತು' ಅನ್ನುವ ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯಿರಿ. ಪುಟದ ಅರ್ಧಕ್ಕಿಂತ ಜಾಸ್ತಿ ವಾಕ್ಯಗಳು ಹಾಗೆ ಮುಗಿದಿದ್ದರೆ ಕಥೆ ಹಿಂದಕ್ಕೆ ನಡೆಯುತ್ತಿದೆ ಅಂತ ಅರ್ಥ.

ನಾನು ಈ ಎರಡೂ ದಾರಿಯಲ್ಲಿ ಒಂದೊಂದು ಹಸ್ತಪ್ರತಿ ಕಳೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಗೋಡೆ ತುಂಬ ಚಾರ್ಟ್ ಅಂಟಿಸಿದ್ದೆ. 6ನೇ ಅಧ್ಯಾಯದಲ್ಲಿ ನಾಯಕಿ ಮನೆ ಬಿಡಬೇಕು ಅಂತ ಅದರಲ್ಲಿತ್ತು, ಬಿಡಿಸಿದೆ. ಓದಿದ ಚಿಕ್ಕಮ್ಮ, "ಇವಳು ಇಷ್ಟಕ್ಕೆಲ್ಲ ಮನೆ ಬಿಡೋಳಲ್ಲ ಕಣೋ" ಅಂದರು. ಅವರ ಮಾತು ಸರಿಯಾಗಿತ್ತು. ಅವಳು ಚಾರ್ಟಿನ ಮಾತು ಕೇಳಿ ಹೊರಟಿದ್ದಳು. ಎರಡನೆಯದರಲ್ಲಿ ಚಾರ್ಟೇ ಬೇಡ ಅಂತ ಪಾತ್ರದ ಹಿಂದೆ ಹೋದೆ. 40,000 ಪದ ಆಯಿತು. ಮಾತುಗಳು ಚೆನ್ನಾಗಿದ್ದವು. ಆದರೆ 9ನೇ ಅಧ್ಯಾಯವನ್ನೂ 12ನೆಯದನ್ನೂ ಅದಲು ಬದಲು ಮಾಡಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಅಧ್ಯಾಯಕ್ಕೆ ಇನ್ನೊಂದರ ಋಣವೇ ಇರಲಿಲ್ಲ.

ಈಗ ಶಾಂತಕ್ಕ. ಅವಳಿಗೆ ಏನು ಬೇಕು ಅಂತ ಕೇಳಿದರೆ ನೀವು 'ಖಾನಾವಳಿ ಉಳಿಯಬೇಕು' ಅನ್ನುತ್ತೀರಿ. ಅದು ಸಾಲದು. ಆ ಜಾಗದಲ್ಲಿ ಯಾರಿದ್ದರೂ ಅದನ್ನೇ ಬಯಸುತ್ತಾರೆ. ನಾನು ಕೇಳುವ ಪ್ರಶ್ನೆ ಬೇರೆ: ಪ್ರಾಣ ಹೋದರೂ ಅವಳು ಮಾಡದ ಕೆಲಸ ಯಾವುದು? ಇದಕ್ಕೆ ಉತ್ತರ ಸಿಕ್ಕರೆ ಕಾದಂಬರಿಯ ಅರ್ಧ ದಾರಿ ಕಂಡ ಹಾಗೆ. ಕೊನೆಗೆ ಅವಳ ಎದುರು ಬಂದು ನಿಲ್ಲಬೇಕಾದದ್ದು ಅದೇ ಕೆಲಸ.

ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ. ಶಾಂತಕ್ಕ ಯಾರ ಹತ್ತಿರವೂ ಕೈ ಚಾಚುವವಳಲ್ಲ. ತನಗೆ ಬರಬೇಕಾದ ದುಡ್ಡನ್ನೂ ಬಾಯಿಬಿಟ್ಟು ಕೇಳುವವಳಲ್ಲ. ರೊಟ್ಟಿ ಡಬ್ಬಿಯ ಪಕ್ಕ ಒಂದು ಉದ್ರಿ ವಹಿ ಇದೆ. 19 ವರ್ಷದ ಬಾಕಿ ಅದರಲ್ಲಿದೆ. ಯಾರಾದರೂ ತಡವರಿಸಿದರೆ, "ಇರ್ಲಿ ಬಿಡಪಾ, ಮುಂದಿನ ತಿಂಗಳ ಕೊಡು" ಅಂದು ಎಣ್ಣೆಗಾಯಿ ಬಡಿಸುತ್ತಾಳೆ. ಊರೆಲ್ಲ ಅದನ್ನು ದೊಡ್ಡ ಮನಸ್ಸು ಅನ್ನುತ್ತದೆ. ಗಂಡ ತೀರಿಕೊಂಡ ವರ್ಷ ಅವಳು ಒಬ್ಬರ ಬಾಗಿಲಿಗೆ ಹೋಗಿ ಕೇಳಿದ್ದಳು, ಆ ಮನೆಯವರು ಒಳಗಿದ್ದೂ 'ಇಲ್ಲ' ಅನ್ನಿಸಿದ್ದರು. ಅದು ಅವಳಿಗೆ ಮಾತ್ರ ಗೊತ್ತು. ಈ ಹಳೆಯ ಸಂಗತಿಯನ್ನು ಮೂರನೇ ಅಧ್ಯಾಯದಲ್ಲಿ ಹೇಳಿಬಿಡಬೇಡಿ. ಬಹಳ ಮುಂದೆ ಬೇಕಾಗುತ್ತದೆ.

ಈಗ ಹೊಸ ಜಾಗಕ್ಕೆ 2 ಲಕ್ಷ ಡಿಪಾಸಿಟ್ ಬೇಕು. ಸುಲಭದ ದಾರಿ ವಹಿ ತೆಗೆಯುವುದು. ಅದನ್ನು ಅವಳು ಮಾಡುವುದಿಲ್ಲ. ಬೆಂಗಳೂರಲ್ಲಿರುವ ಮಗನನ್ನೂ ಕೇಳುವುದಿಲ್ಲ. ಹಾಗಾದರೆ ಉಳಿಯುವುದೇನು? ಮಗಳ ಮದುವೆಗೆಂದು ತೆಗೆದಿಟ್ಟ ಪಾಟ್ಲಿ. ಯಾರಿಗೂ ಹೇಳದೆ ಒಯ್ದು ಅಡವಿಡುತ್ತಾಳೆ. ನೋಡಿ, ಮೂರನೇ ಅಧ್ಯಾಯ ಸಿಕ್ಕಿತು. ಅದನ್ನು ಯಾವ ಚಾರ್ಟೂ ಕೊಡಲಿಲ್ಲ. ಬೇರೆ ಹೆಂಗಸಾಗಿದ್ದರೆ ಬೇರೆಯದನ್ನೇ ಮಾಡುತ್ತಿದ್ದಳು.

ಇನ್ನು ಮುಂದಿನದಕ್ಕೆ ಒಂದು ಸಣ್ಣ ಪರೀಕ್ಷೆ. ಎರಡು ಘಟನೆಗಳ ನಡುವೆ ಯಾವ ಪದ ಕೂರುತ್ತದೆ ನೋಡಿ. 'ಆಮೇಲೆ' ಮಾತ್ರ ಕೂತರೆ ಕೊಂಡಿ ಸಡಿಲ. 'ಅದಕ್ಕೇ' ಅಥವಾ 'ಆದರೆ' ಕೂತರೆ ಗಟ್ಟಿ. ಮಾಲೀಕ ಖಾಲಿ ಮಾಡಿ ಅಂದ, ಆಮೇಲೆ ಮಗ ಊರಿಗೆ ಬಂದ, ಆಮೇಲೆ ಮಳೆ ಬಂತು: ಇದು ದಿನಚರಿ. ಇನ್ನೊಂದು ನೋಡಿ. ಅವಳು ಕೇಳಲಾರಳು, ಅದಕ್ಕೇ ಪಾಟ್ಲಿ ಅಡವಿಟ್ಟಳು. ಆದರೆ ಅದೇ ತಿಂಗಳು ಮಗಳಿಗೆ ಒಳ್ಳೆಯ ಸಂಬಂಧ ಬಂತು, ನಿಶ್ಚಯಕ್ಕೆ ಪಾಟ್ಲಿ ಹಾಕಬೇಕು. ಅದಕ್ಕೇ ಅವಳು ಸಂಬಂಧವನ್ನೇ ಮುಂದೂಡುವ ನೆಪ ಹುಡುಕಿದಳು. ಆದರೆ ಮಗಳು ಅದನ್ನು ಬೇರೆಯೇ ಅರ್ಥದಲ್ಲಿ ತೆಗೆದುಕೊಂಡಳು. ಸಂಬಂಧ ಬಂದದ್ದು ಕಾಕತಾಳೀಯ, ಒಪ್ಪುತ್ತೇನೆ. ಪಾತ್ರವನ್ನು ಕಷ್ಟಕ್ಕೆ ತಳ್ಳುವ ಕಾಕತಾಳೀಯವನ್ನು ಓದುಗರು ನಂಬುತ್ತಾರೆ. ಕಷ್ಟದಿಂದ ಎತ್ತುವುದನ್ನು ನಂಬುವುದಿಲ್ಲ. ಹಾಗಾಗಿ ಆ ಹಳೆಯ ಗಿರಾಕಿಗಳಲ್ಲಿ ಒಬ್ಬ ದೊಡ್ಡ ಅಧಿಕಾರಿಯಾಗಿ ಬಂದು ಖಾನಾವಳಿ ಉಳಿಸಿಕೊಡುವುದು ಬೇಡ.

ಮೂರು ಅಂಕದ ಕೆಲಸ ಶುರುವಾಗುವುದು ಇಲ್ಲಿಂದ. ನಾವು ಈಗ ಬಳಸುವ ಲೆಕ್ಕ ಸಿನಿಮಾ ಚಿತ್ರಕಥೆಯಿಂದ ಬಂದದ್ದು. ಅಮೆರಿಕದ ಸಿಡ್ ಫೀಲ್ಡ್ 1979ರಲ್ಲಿ ಬರೆದ ಪುಸ್ತಕದಿಂದ ಅದು ಎಲ್ಲ ಕಡೆ ಹರಡಿತು. ಒಂದು ಪುಟಕ್ಕೆ ಒಂದು ನಿಮಿಷದಂತೆ 120 ಪುಟ, ಅದನ್ನು ಶುರು, ನಡು, ಕೊನೆ ಅಂತ 30, 60, 30 ಪುಟಗಳ ಮೂರು ಅಂಕ ಮಾಡುವುದು. ಕಾದಂಬರಿಯನ್ನು ಯಾರೂ ಎರಡು ಗಂಟೆ ಕತ್ತಲಲ್ಲಿ ಕೂತು ಓದುವುದಿಲ್ಲ, ಅಲ್ವಾ? ಹಾಗಾಗಿ ಅಂಕಿಗಳನ್ನು ಸ್ವಲ್ಪ ಸಡಿಲವಾಗಿಯೇ ಹಿಡಿಯಿರಿ. ಆದರೂ ಅಳತೆಗೆ ಅದು ಉಪಯೋಗಕ್ಕೆ ಬರುತ್ತದೆ.

ನಿಮ್ಮದು ಅಧ್ಯಾಯಕ್ಕೆ 3,500 ಪದ. ಒಟ್ಟು 60,000 ಅಂದುಕೊಂಡರೆ ಸುಮಾರು 17 ಅಧ್ಯಾಯ. ಮೊದಲ ಕಾಲುಭಾಗ ನಾಲ್ಕನೇ ಅಧ್ಯಾಯ ದಾಟುವಾಗ ಮುಗಿಯುತ್ತದೆ. ನಡುಭಾಗದ ತಿರುವು 8 ಅಥವಾ 9ರಲ್ಲಿ. ಕೊನೆಯ ಅಂಕ 13ರ ಹೊತ್ತಿಗೆ. ಅಂದರೆ ನೀವು ಸರಿಯಾದ ಜಾಗದಲ್ಲೇ ನಿಂತಿದ್ದೀರಿ. ಎರಡನೇ ಅಧ್ಯಾಯದ ಕೊನೆಗೆ ತೊಂದರೆ ಬಂದಿದೆ, ಮೂರು ನಾಲ್ಕರೊಳಗೆ ಅವಳು ಹಿಂದೆ ಬರಲಾಗದ ಹೆಜ್ಜೆ ಇಡಬೇಕು. ಪಾಟ್ಲಿ ಅಂಥ ಹೆಜ್ಜೆ. ಇದೇ ಹೆಜ್ಜೆ 9ನೇ ಅಧ್ಯಾಯದಲ್ಲಿ ಬಂದಿದ್ದರೆ ಅಷ್ಟರೊಳಗೆ ಓದುಗರು ಪುಸ್ತಕ ಮಡಿಸಿಟ್ಟಿರುತ್ತಿದ್ದರು.

ಒಂದೇ ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ, ಸದ್ಯಕ್ಕೆ ಅಷ್ಟೇ ಔಟ್‌ಲೈನ್ ಸಾಕು. 4ರೊಳಗೆ: ಪಾಟ್ಲಿ ಅಡವು. 8, 9ರಲ್ಲಿ: ಮಗಳಿಗೆ ಗೊತ್ತಾಗುತ್ತದೆ, ಅದೂ ಅಮ್ಮನ ಬಾಯಿಂದಲ್ಲ. 13ರಲ್ಲಿ: ಸಂಬಂಧ ಮುರಿಯುತ್ತದೆ, ಮಗಳು ಮಾತು ಬಿಡುತ್ತಾಳೆ, ಜಾಗವೂ ಕೈತಪ್ಪುವುದರಲ್ಲಿದೆ. ಕೊನೆಗೆ: ಶಾಂತಕ್ಕ ಉದ್ರಿ ವಹಿ ಕಂಕುಳಲ್ಲಿಟ್ಟುಕೊಂಡು ಒಂದು ಬಾಗಿಲ ಮುಂದೆ ನಿಲ್ಲುತ್ತಾಳೆ. ಆ ಹಳೆಯ ಸಂಗತಿಯನ್ನು ಹೇಳುವ ಜಾಗ ಅದು. ದುಡ್ಡು ಸಿಗುತ್ತದೋ ಇಲ್ಲವೋ ಅದನ್ನು ಅಲ್ಲಿಗೆ ಹೋದಾಗ ನೋಡಿಕೊಳ್ಳಿ. ನಡುವಿನ ಅಧ್ಯಾಯಗಳನ್ನು ಈಗಲೇ ತುಂಬಿಸಲು ಹೋಗಬೇಡಿ. ಪ್ರತಿ ಅಧ್ಯಾಯ ಮುಗಿದ ಮೇಲೆ ಮುಂದಿನ ಎರಡರ ಬಗ್ಗೆ ಮಾತ್ರ ಯೋಚಿಸಿ. ಪಾತ್ರ ಈ ಹಾಳೆಗೆ ಒಪ್ಪದಿದ್ದರೆ ಹಾಳೆಯನ್ನು ತಿದ್ದಿ.

ಇನ್ನೊಂದು ಗುರುತು ಇಟ್ಟುಕೊಳ್ಳಿ. ಅಧ್ಯಾಯ ಮುಗಿದಾಗಲೆಲ್ಲ, ಇದರ ಕೊನೆಯ ಘಟನೆಗೆ ಯಾರು ಕಾರಣ ಅಂತ ಅಂಚಿನಲ್ಲಿ ಹೆಸರು ಬರೆಯಿರಿ. ಮಾಲೀಕ, ಮಗ, ಮಾಲೀಕ ಅಂತ ಮೂರು ಸಲ ಸಾಲಾಗಿ ಬಂದರೆ ನಾಯಕಿ ನೋಡುತ್ತಾ ಕೂತಿದ್ದಾಳೆ. ಅಲ್ಲೇ ನಿಂತು ಸರಿಮಾಡಿ.

ಈ ಅಳತೆ ಎಲ್ಲ ಕಾದಂಬರಿಗೂ ಹೊಂದುವುದಿಲ್ಲ. ಒಂದು ಊರಿನ ಮೂರು ತಲೆಮಾರಿನ ಕಥೆಗೆ ಇದು ಬೇಕಿಲ್ಲ. ವಾರಪತ್ರಿಕೆಗೆ ಧಾರಾವಾಹಿಯಾಗಿ ಬರೆದರೆ ವಾರ ವಾರದ ಕುತೂಹಲವೇ ಮುಖ್ಯವಾಗುತ್ತದೆ. ನಿಮ್ಮದು ಒಬ್ಬ ಹೆಂಗಸು, ಒಂದು ಜಾಗ, 3 ತಿಂಗಳ ಗಡುವು. ಇದಕ್ಕೆ ಚೆನ್ನಾಗಿ ಒಗ್ಗುತ್ತದೆ.

ಮೊದಲೆರಡು ಅಧ್ಯಾಯಗಳನ್ನು ಪೂರ್ತಿ ತಿದ್ದಲು ಕೂರಬೇಡಿ. ಅಲ್ಲಿ ಸಿಕ್ಕಿಬಿದ್ದರೆ ಆರು ತಿಂಗಳು ಹೋಗುತ್ತದೆ. ಒಂದನೇ ಅಧ್ಯಾಯದಲ್ಲಿ ಒಂದೇ ಒಂದು ಜಾಗ ಹುಡುಕಿ ಐದಾರು ಸಾಲು ಸೇರಿಸಿ: ಒಬ್ಬ ಹುಡುಗ ಊಟ ಮುಗಿಸಿ ಜೇಬು ತಡಕುತ್ತಾನೆ, ಅವಳು ವಹಿ ತೆಗೆದು ಬರೆದು, ಅವನ ಮುಖ ನೋಡದೆ ಮುಚ್ಚುತ್ತಾಳೆ. ಏನನ್ನೂ ವಿವರಿಸಬೇಡಿ.

ಆಮೇಲೆ ಮೂರನೆಯದರ ರಾತ್ರಿಯ ನೆನಪುಗಳನ್ನು ಬೇರೆ ಫೈಲಿಗೆ ಹಾಕಿ, ಅಧ್ಯಾಯವನ್ನು ಮರುದಿನ ಬೆಳಿಗ್ಗೆಯಿಂದ ಶುರು ಮಾಡಿ. ಅಡವಿನ ಅಂಗಡಿ. ತಕ್ಕಡಿಯಲ್ಲಿ ಪಾಟ್ಲಿ. ಅಂಗಡಿಯವನು, "ಯಾರ ಹೆಸರಿಲೆ ಬರೀಲ್ರೀ ಅಕ್ಕಾರ?" ಅಂತಾನೆ. ಅವಳು ತನ್ನ ಹೆಸರು ಹೇಳುತ್ತಾಳೋ, ಮಗಳದ್ದು ಹೇಳುತ್ತಾಳೋ? ಅದನ್ನು ಬರೆದು ನೋಡಿ.