ಆಧುನೀಕರಣ ಸಿದ್ಧಾಂತ ಎಡವಿದ್ದೆಲ್ಲಿ? ವೋಲ್ಟಾ ಅಣೆಕಟ್ಟಿನ ಲೆಕ್ಕ

ಪ್ರಶ್ನೆ: ಬಡ ದೇಶಗಳು ಹಿಂದುಳಿದಿರುವುದಕ್ಕೆ ಆಧುನೀಕರಣ ಸಿದ್ಧಾಂತ ಒಂದು ಕಾರಣ ಕೊಡುತ್ತೆ, ಅವಲಂಬನಾ ಸಿದ್ಧಾಂತ ಅದನ್ನು ತಪ್ಪು ಅನ್ನುತ್ತೆ. ನೋಟ್ಸ್‌ನಲ್ಲಿ ಎರಡರ ಲಕ್ಷಣಗಳೂ ಇವೆ, ಆದರೆ ಜಗಳ ನಿಜವಾಗಿ ಯಾವುದರ ಬಗ್ಗೆ ಅಂತ ತಿಳಿಯುತ್ತಿಲ್ಲ. ಒಂದು ಉದಾಹರಣೆ ಹಿಡಿದು ಯಾರಾದರೂ ಬಿಡಿಸಿ ಹೇಳ್ತೀರಾ?

ಉತ್ತರ:

ಒಂದು ದೇಶದ ಬಡತನಕ್ಕೆ ಕಾರಣವನ್ನು ಆ ದೇಶದ ಗಡಿಯೊಳಗೆ ಹುಡುಕಬೇಕೋ, ಅದಕ್ಕೂ ಶ್ರೀಮಂತ ದೇಶಗಳಿಗೂ ಇರುವ ವ್ಯವಹಾರದಲ್ಲಿ ಹುಡುಕಬೇಕೋ ಎಂಬುದೇ ಜಗಳ. ಉಳಿದದ್ದೆಲ್ಲ ಇದರಿಂದ ಹುಟ್ಟಿದ್ದು.

ಗಡಿಯೊಳಗೆ ಹುಡುಕುವ ಆಧುನೀಕರಣ ಸಿದ್ಧಾಂತದ ಕಡೆಯಿಂದ ಅಮೆರಿಕದ ಅರ್ಥಶಾಸ್ತ್ರಜ್ಞ ವಾಲ್ಟ್ ರೋಸ್ಟೋವ್ 1960ರಲ್ಲಿ ಐದು ಹಂತಗಳ ಚಿತ್ರ ಕೊಟ್ಟರು: ಸಾಂಪ್ರದಾಯಿಕ ಸಮಾಜ, ಜಿಗಿತಕ್ಕೆ ಮುಂಚಿನ ಸಿದ್ಧತೆ, ಜಿಗಿತ, ಪ್ರೌಢತೆಯತ್ತ ನಡೆ, ಕೊನೆಗೆ ಎಲ್ಲರ ಕೈಗೂ ಸರಕು ಎಟುಕುವ ಯುಗ. ಇದರಲ್ಲಿ ಮುಖ್ಯವಾದದ್ದು ಜಿಗಿತ. ರಾಷ್ಟ್ರೀಯ ಆದಾಯದಲ್ಲಿ ಹೂಡಿಕೆಯ ಪಾಲು ಶೇ. 5ರ ಆಸುಪಾಸಿನಿಂದ ಶೇ. 10ಕ್ಕಿಂತ ಮೇಲಕ್ಕೆ ಏರಬೇಕು, ಒಂದೆರಡು ಪ್ರಮುಖ ಕೈಗಾರಿಕೆಗಳು ವೇಗವಾಗಿ ಬೆಳೆಯಬೇಕು, ಅದಕ್ಕೆ ಒಗ್ಗುವ ಸಂಸ್ಥೆಗಳು ಇರಬೇಕು. ಬಂಡವಾಳ ಸಾಲದಿದ್ದರೆ ಹೊರಗಿನಿಂದ ತರಬಹುದು. ಬ್ರಿಟನ್ 1783ರಿಂದ 1802ರ ನಡುವೆ ಜಿಗಿಯಿತು, ಉಳಿದವರು ತಡವಾಗಿ ಹೊರಟಿದ್ದಾರೆ, ಅಷ್ಟೇ. ಹಾಗಾಗಿ ಬಡ ದೇಶವೆಂದರೆ ಶ್ರೀಮಂತ ದೇಶದ ಹಳೆಯ ರೂಪ ಎಂದಾಗುತ್ತದೆ.

ಅವಲಂಬನಾ ಸಿದ್ಧಾಂತದ ಆಂದ್ರೆ ಗುಂಡರ್ ಫ್ರಾಂಕ್ 1966ರಲ್ಲಿ ಆಕ್ಷೇಪ ಎತ್ತಿದ್ದು ಇಲ್ಲೇ. ಇಂದಿನ ಶ್ರೀಮಂತ ದೇಶಗಳು ಹಿಂದೊಮ್ಮೆ ಅಭಿವೃದ್ಧಿಯಾಗದೆ ಇದ್ದಿರಬಹುದು, ಆದರೆ ಬೇರೆಯವರ ವಸಾಹತಿನಂತೆ ಹಿಂದುಳಿದಿರಲಿಲ್ಲ. ಬ್ರೆಜಿಲ್‌ನ ಈಶಾನ್ಯ ಭಾಗ ಒಂದು ಕಾಲದಲ್ಲಿ ಸಕ್ಕರೆಯಿಂದ ಯುರೋಪಿನ ಮಾರುಕಟ್ಟೆಗೆ ಗಟ್ಟಿಯಾಗಿ ಬೆಸೆದುಕೊಂಡಿತ್ತು, ಇಂದು ಆ ದೇಶದ ಕಡುಬಡ ಪ್ರದೇಶಗಳಲ್ಲಿ ಅದೂ ಒಂದು. ಅಲ್ಲಿಗೆ ಬಂಡವಾಳ ಬರಲಿಲ್ಲ ಎಂದು ಹೇಳುವಂತಿಲ್ಲ. ಬಂತು, ಹಿಂಡಿತು, ಹೋಯಿತು.

ಇಷ್ಟು ನಿಮ್ಮ ನೋಟ್ಸ್‌ನಲ್ಲೂ ಇರುತ್ತದೆ. ಉದಾಹರಣೆಗೆ ಘಾನಾದ ವೋಲ್ಟಾ ಯೋಜನೆಯನ್ನು ತೆಗೆದುಕೊಳ್ಳುತ್ತೇನೆ. ರೋಸ್ಟೋವ್ ಕೇಳಿದ್ದೆಲ್ಲ ಕಾಗದದ ಮೇಲೆ ಅಲ್ಲಿ ಇತ್ತು: ದೊಡ್ಡ ಹೂಡಿಕೆ, ವಿದ್ಯುತ್, ಆಧುನಿಕ ಕಾರ್ಖಾನೆ, ವಿದೇಶಿ ಬಂಡವಾಳ, ಆಧುನಿಕತೆಯ ಕನಸು ಹೊತ್ತ ನಾಯಕ ಕ್ವಾಮೆ ಎನ್‌ಕ್ರುಮಾ.

ಘಾನಾ 1957ರಲ್ಲಿ ಸ್ವತಂತ್ರವಾಯಿತು. ವೋಲ್ಟಾ ನದಿಗೆ ಅಣೆಕಟ್ಟು ಕಟ್ಟುವುದು, ದೇಶದ್ದೇ ಬಾಕ್ಸೈಟ್ ಅದಿರು ತೆಗೆಯುವುದು, ಅದನ್ನು ಅಲ್ಯೂಮಿನಾ ಪುಡಿಯಾಗಿ ಶುದ್ಧೀಕರಿಸುವುದು, ಆ ಪುಡಿಯನ್ನು ಅಣೆಕಟ್ಟಿನ ಕರೆಂಟಿನಿಂದ ಅಲ್ಯೂಮಿನಿಯಂ ಮಾಡುವುದು, ಇವೆಲ್ಲ ಸೇರಿದ ಒಂದೇ ಸರಪಳಿ ಮೂಲ ಯೋಜನೆಯಲ್ಲಿತ್ತು. 1959ರಲ್ಲಿ ಅಮೆರಿಕದ ಕೈಸರ್ ಕಂಪನಿ ಯೋಜನೆಯನ್ನು ಮರುಪರಿಶೀಲಿಸಿತು. ಹೊಸ ಲೆಕ್ಕದಲ್ಲಿ ಅಣೆಕಟ್ಟೂ ಅಲ್ಯೂಮಿನಿಯಂ ಕಾರ್ಖಾನೆಯೂ ಉಳಿದವು, ಗಣಿ ಮತ್ತು ಶುದ್ಧೀಕರಣ ಘಟಕ ಹೊರಬಿದ್ದವು. ಆರಂಭದ ಖರ್ಚು ತಗ್ಗುತ್ತದೆ ಎಂಬುದು ಕೊಟ್ಟ ಕಾರಣ, ಅದು ಸುಳ್ಳೂ ಅಲ್ಲ. ಆದರೆ ಕೈಸರ್‌ಗೆ ಬೇರೆ ಕಡೆ ತನ್ನದೇ ಗಣಿಗಳೂ ಅಲ್ಯೂಮಿನಾ ಘಟಕಗಳೂ ಇದ್ದವು. ಘಾನಾದಲ್ಲಿ ಅದಕ್ಕೆ ಬೇಕಿದ್ದದ್ದು ಅಗ್ಗದ ಕರೆಂಟ್ ಒಂದೇ.

ಘಾನಾದ ಟೆಮಾ ಬಂದರಿನಲ್ಲಿ ವಾಲ್ಕೋ ಎಂಬ ಅಲ್ಯೂಮಿನಿಯಂ ಕಾರ್ಖಾನೆ ಎದ್ದಿತು. ಅದರಲ್ಲಿ ಕೈಸರ್‌ನ ಪಾಲು ಶೇ. 90, ರೆನಾಲ್ಡ್ಸ್ ಕಂಪನಿಯದು ಶೇ. 10. ಅಲ್ಯೂಮಿನಾ ಅಟ್ಲಾಂಟಿಕ್ ಸಾಗರದ ಆಚೆಯಿಂದ ಹಡಗಿನಲ್ಲಿ ಬರುತ್ತಿತ್ತು, ತಯಾರಾದ ಲೋಹದ ಬಹುಪಾಲು ಹಡಗಿನಲ್ಲೇ ಹೊರಗೆ ಹೋಗುತ್ತಿತ್ತು. ಇತ್ತ ಘಾನಾದ ಅವಾಸೊ ಗಣಿಯ ಬಾಕ್ಸೈಟ್ ಸ್ಕಾಟ್ಲೆಂಡಿನ ಘಟಕಕ್ಕೆ ರಫ್ತಾಗುತ್ತಿತ್ತು. ಅದಿರು ಕಳಿಸಿ, ಅದೇ ಅದಿರಿನಿಂದಾಗುವ ಪುಡಿಯನ್ನು ಇನ್ನೊಂದು ದಿಕ್ಕಿನಿಂದ ತರಿಸಿಕೊಳ್ಳುವ ಈ ಏರ್ಪಾಡು ಘಾನಾದ ಕಡೆಯಿಂದ ನೋಡಿದರೆ ಹುಚ್ಚು. ಕಂಪನಿಗಳ ಕಡೆಯಿಂದ ನೋಡಿದರೆ ಅಚ್ಚುಕಟ್ಟಾದ ವ್ಯವಹಾರ.

ಈಗ ಕರೆಂಟಿನ ದರ. ವಾಲ್ಕೋಗೆ ನಿಗದಿಯಾದದ್ದು ಒಂದು ಯೂನಿಟ್‌ಗೆ 0.2625 ಅಮೆರಿಕನ್ ಸೆಂಟ್, ಅದೂ ದೀರ್ಘಾವಧಿ ಒಪ್ಪಂದದಲ್ಲಿ. ಒಂದು ಟನ್ ಅಲ್ಯೂಮಿನಿಯಂ ಮಾಡಲು ಆ ಕಾಲದ ತಂತ್ರಜ್ಞಾನದಲ್ಲಿ ಸುಮಾರು 16,000 ಯೂನಿಟ್ ಬೇಕು ಎಂದಿಟ್ಟುಕೊಳ್ಳಿ. ಗುಣಿಸಿದರೆ 42 ಡಾಲರ್. 1960ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಅಲ್ಯೂಮಿನಿಯಂ ಬೆಲೆ ಪೌಂಡಿಗೆ 24.5 ಸೆಂಟ್ ಇತ್ತು, ಅಂದರೆ ಟನ್ನಿಗೆ ಸುಮಾರು 540 ಡಾಲರ್. ಇದು ನನ್ನ ಒರಟು ಲೆಕ್ಕ, ಆದರೂ ಪ್ರಮಾಣ ತಿಳಿಯುತ್ತದೆ: ಮಾರಾಟದ ಬೆಲೆಯಲ್ಲಿ ಕರೆಂಟಿನ ಬಾಬ್ತು ನೂರಕ್ಕೆ ಎಂಟರಷ್ಟು. ಆ ಎಂಟಕ್ಕಾಗಿ ಘಾನಾ ಸುಮಾರು 8,500 ಚದರ ಕಿಲೋಮೀಟರ್ ನೆಲ ಮುಳುಗಿಸಿತು, ಸುಮಾರು 80,000 ಜನರನ್ನು ಎಬ್ಬಿಸಿತು, ಅಣೆಕಟ್ಟಿನ ಅರ್ಧ ಖರ್ಚನ್ನು ತಾನೇ ಹಾಕಿತು, ಉಳಿದದ್ದಕ್ಕೆ ವಿಶ್ವಬ್ಯಾಂಕ್ ಮತ್ತಿತರರಿಂದ ಸಾಲ ಮಾಡಿತು. ಉತ್ಪಾದನೆಯಾದ ವಿದ್ಯುತ್ತಿನ ದೊಡ್ಡ ಪಾಲು ವಾಲ್ಕೋಗೆ ಹೋಗುತ್ತಿತ್ತು. ದೇಶದೊಳಗಿನ ಗ್ರಾಹಕರು ಅದಕ್ಕಿಂತ ಹೆಚ್ಚು ದರ ಕೊಡುತ್ತಿದ್ದರು.

ಇಂಥ ಒಪ್ಪಂದಕ್ಕೆ ಎನ್‌ಕ್ರುಮಾ ಒಪ್ಪಿದ್ದೇಕೆ? ದಡ್ಡತನದಿಂದಲ್ಲ. ಸಾಲ ಕೊಡುವವರಿಗೆ ಅಣೆಕಟ್ಟಿನ ಕರೆಂಟನ್ನು ಹಲವು ದಶಕ ಖಚಿತವಾಗಿ ಕೊಳ್ಳುವ ದೊಡ್ಡ ಗಿರಾಕಿ ಬೇಕಿತ್ತು. ಜಗತ್ತಿನ ಅಲ್ಯೂಮಿನಿಯಂ ಉದ್ಯಮ ಆಗ ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿತ್ತು. ಅಗ್ಗದ ಕರೆಂಟ್ ಕೊಡಬಲ್ಲ ನದಿಗಳು ಹಲವು, ಕೊಳ್ಳುವವರು ಕೆಲವರೇ. ಆ ಕೆಲವರು ‘ಬೇಡ’ ಎಂದರೆ ಅಣೆಕಟ್ಟೇ ಇಲ್ಲ. ಅವಲಂಬನೆ ಎಂದರೆ ಅಸಲಿಗೆ ಇದು. ಯಾರದೋ ಪಿತೂರಿ ಬೇಕಾಗಿಲ್ಲ, ಚೌಕಾಸಿಯಲ್ಲಿ ಒಬ್ಬರಿಗೆ ಎದ್ದು ಹೋಗುವ ಸ್ವಾತಂತ್ರ್ಯವಿದ್ದು ಇನ್ನೊಬ್ಬರಿಗೆ ಇಲ್ಲದಿದ್ದರೆ ಸಾಕು.

ಇದರ ಜೊತೆಗೆ ಕೋಕೋ ಕಥೆಯೂ ನಡೆಯುತ್ತಿತ್ತು. ಘಾನಾ ಆಗ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುವ ದೇಶ. 1964-65ರ ಹಂಗಾಮಿನಲ್ಲಿ ಐದು ಲಕ್ಷ ಟನ್‌ಗೂ ಮಿಗಿಲಾದ ದಾಖಲೆ ಬೆಳೆ ಬಂತು, ಬೆಲೆ ನೆಲಕಚ್ಚಿತು. ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರೌಲ್ ಪ್ರೆಬಿಷ್ 1949ರಲ್ಲೇ ಈ ಅಪಾಯವನ್ನು ವಿವರಿಸಿದ್ದರು. ಕಚ್ಚಾವಸ್ತು ಮಾರಿ ಯಂತ್ರ ಕೊಳ್ಳುವ ದೇಶಕ್ಕೆ, ಅದೇ ಯಂತ್ರ ಕೊಳ್ಳಲು ಕಾಲ ಹೋದಂತೆ ಹೆಚ್ಚು ಹೆಚ್ಚು ಕಚ್ಚಾವಸ್ತು ಕೊಡಬೇಕಾಗುತ್ತದೆ. ಯಾಕೆಂದರೆ ಶ್ರೀಮಂತ ದೇಶದಲ್ಲಿ ಉತ್ಪಾದಕತೆ ಹೆಚ್ಚಿದರೆ ಕಾರ್ಮಿಕ ಸಂಘಗಳೂ ದೊಡ್ಡ ಕಂಪನಿಗಳೂ ಆ ಲಾಭವನ್ನು ಕೂಲಿ ಮತ್ತು ಲಾಭಾಂಶವಾಗಿ ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ಕೆಲಸಕ್ಕೆ ಜನ ಸಾಲುಗಟ್ಟಿ ನಿಂತಿರುವ ಬಡ ದೇಶದಲ್ಲಿ ಕೂಲಿ ಏರುವುದಿಲ್ಲ, ಉತ್ಪಾದಕತೆಯ ಲಾಭ ಅಗ್ಗದ ಬೆಲೆಯಾಗಿ ಹೊರದೇಶದ ಗ್ರಾಹಕನನ್ನು ಸೇರುತ್ತದೆ. ಆಧುನೀಕರಣದವರು ಹೇಳುವಂತೆ ಹೆಚ್ಚು ದುಡಿದು ಹೆಚ್ಚು ಬೆಳೆದದ್ದೇ ಇಲ್ಲಿ ತಿರುಗುಬಾಣವಾಯಿತು. 1966ರ ಜನವರಿಯಲ್ಲಿ ಎನ್‌ಕ್ರುಮಾ ಅಣೆಕಟ್ಟನ್ನು ಉದ್ಘಾಟಿಸಿದರು, ಫೆಬ್ರವರಿಯಲ್ಲಿ ಸೈನ್ಯ ಅವರನ್ನು ಇಳಿಸಿತು.

ಇಲ್ಲಿಗೆ ಅವಲಂಬನಾ ಸಿದ್ಧಾಂತ ಗೆದ್ದಿತು ಎಂದು ಬರೆದುಬಿಡಬೇಡಿ. ಬಹಳ ವಿದ್ಯಾರ್ಥಿಗಳು ಇಲ್ಲೇ ನಿಲ್ಲಿಸುತ್ತಾರೆ. ದಕ್ಷಿಣ ಕೊರಿಯಾದ ಪೋಹಾಂಗ್ ಉಕ್ಕಿನ ಕಾರ್ಖಾನೆಯನ್ನು ಪಕ್ಕಕ್ಕಿಟ್ಟು ನೋಡಿ. ಅಲ್ಲಿ ಒಳ್ಳೆಯ ಅದಿರೂ ಇಲ್ಲ, ಕೋಕಿಂಗ್ ಕಲ್ಲಿದ್ದಲೂ ಇಲ್ಲ, ಎರಡೂ ಆಮದಾಗಬೇಕು. 1969ರಲ್ಲಿ ವಿಶ್ವಬ್ಯಾಂಕ್ ಈ ಯೋಜನೆ ನಡೆಯುವಂಥದ್ದಲ್ಲ ಎಂದಿತು, ಹಣ ಹೊಂದಿಸಬೇಕಿದ್ದ ವಿದೇಶಿ ಕಂಪನಿಗಳ ಕೂಟದಿಂದ ಹಣ ಬರಲಿಲ್ಲ. ಕೊರಿಯಾ ಸರ್ಕಾರ 1965ರ ಒಪ್ಪಂದದಂತೆ ತನ್ನ ಹಳೆಯ ಒಡೆಯ ಜಪಾನ್ ಕೊಟ್ಟ ಹಣವನ್ನೂ ಜಪಾನಿನದೇ ತಂತ್ರಜ್ಞಾನವನ್ನೂ ಬಳಸಿ ಕಟ್ಟಿತು, 1973ರಲ್ಲಿ ಉಕ್ಕು ಬಂತು. ಫ್ರಾಂಕ್ ಪ್ರಕಾರ ಇಂಥ ನಂಟು ಕೊರಿಯಾವನ್ನು ಹಿಂದಕ್ಕೆ ಎಳೆಯಬೇಕಿತ್ತು. ಆದರೆ ಆ ಉಕ್ಕು ಅಲ್ಲಿನದೇ ಹಡಗುಕಟ್ಟೆಗಳಿಗೆ, ವಾಹನ ಕಾರ್ಖಾನೆಗಳಿಗೆ ಹೋಯಿತು.

ಹಾಗಾದರೆ ಘಾನಾದ ತೊಂದರೆ ಕಚ್ಚಾವಸ್ತು ಹೊರಗಿನಿಂದ ಬಂದದ್ದಲ್ಲ, ಕೊರಿಯಾದಲ್ಲೂ ಅದು ಹೊರಗಿನಿಂದಲೇ ಬಂತು. ಕಾರ್ಖಾನೆ ಯಾರದು, ಅದರ ಉತ್ಪನ್ನ ಮುಂದೆ ಯಾವ ಕೈಗಾರಿಕೆಗೆ ಹೋಗಬೇಕೆಂದು ತೀರ್ಮಾನಿಸುವವರು ಯಾರು ಎಂಬುದೇ ವ್ಯತ್ಯಾಸ. ಕೊರಿಯಾದಲ್ಲಿ ಸರ್ಕಾರದ ಕೈಯಲ್ಲಿ ಬ್ಯಾಂಕುಗಳಿದ್ದವು, ಭೂಸುಧಾರಣೆಯಿಂದ ಜಮೀನ್ದಾರರ ಬಲ ಮುರಿದಿತ್ತು, ಶೀತಲ ಸಮರದ ಕಾರಣ ಅಮೆರಿಕದ ನೆರವೂ ಇತ್ತು. ಇದರಲ್ಲಿ ಅರ್ಧ ಒಳಗಿನ ಕಾರಣ, ಅರ್ಧ ಹೊರಗಿನದು. ರೋಸ್ಟೋವ್ ಪಕ್ಷದವರು ‘ನೋಡಿ, ಹೂಡಿಕೆ, ರಫ್ತು, ಜಿಗಿತ’ ಎನ್ನುತ್ತಾರೆ. ಆದರೆ ವಿಶ್ವಬ್ಯಾಂಕಿನ ಮಾತು ಕೇಳಿದ್ದರೆ ಆ ಜಿಗಿತದ ದೊಡ್ಡ ತುಂಡೇ ಇರುತ್ತಿರಲಿಲ್ಲ ಎಂಬುದನ್ನು ಅವರು ನುಂಗಿಕೊಳ್ಳಬೇಕಾಗುತ್ತದೆ.

ಘಾನಾದಲ್ಲೂ ಸಂಬಂಧ ಕಲ್ಲಿನಲ್ಲಿ ಕೊರೆದಂತೆ ಉಳಿಯಲಿಲ್ಲ. 1980ರ ದಶಕದ ಆರಂಭದ ಬರದಲ್ಲಿ ಅಣೆಕಟ್ಟಿನ ಸರೋವರದ ನೀರು ಇಳಿದು ವಾಲ್ಕೋ ಕಾರ್ಖಾನೆ ನಿಂತಿತು. ಆಗ ದೇಶ ಆಳುತ್ತಿದ್ದ ಜೆರ್ರಿ ರಾಲಿಂಗ್ಸ್ ಸರ್ಕಾರ ಪಟ್ಟು ಹಿಡಿದು 1985ರಲ್ಲಿ ಕರೆಂಟಿನ ದರವನ್ನು ಮೂಲ ದರದ ಹಲವು ಪಟ್ಟಿಗೆ ಏರಿಸಿಕೊಂಡಿತು. ಅಂದರೆ ಚೌಕಾಸಿಯ ಬಲ ಬದಲಾಗುತ್ತದೆ. ಫ್ರಾಂಕ್‌ರ ಬರಹದಲ್ಲಿ ಇದಕ್ಕೆ ಜಾಗ ಕಡಿಮೆ. ಅವರ ಪರಿಹಾರ ಒಂದೇ, ಆ ವ್ಯವಸ್ಥೆಯಿಂದ ಕಳಚಿಕೊಳ್ಳುವುದು. ಕಳಚಿಕೊಂಡ ದೇಶ ಯಂತ್ರ ಎಲ್ಲಿಂದ ತರುತ್ತದೆ ಎಂಬುದಕ್ಕೆ ಅವರ ಬಳಿ ಸಮಾಧಾನಕರ ಉತ್ತರ ನನಗೆ ಕಂಡಿಲ್ಲ.

ಅವಲಂಬನಾ ಪಂಥದೊಳಗೇ ಈ ದೋಷವನ್ನು ಗುರುತಿಸಿದವರು ಫರ್ನಾಂಡೊ ಹೆನ್ರಿಕ್ ಕಾರ್ಡೋಸೊ ಮತ್ತು ಎಂಜೊ ಫಲೆಟ್ಟೊ. ಹೊರಗಿನ ಬಂಡವಾಳ, ಒಳಗಿನ ಸಿರಿವಂತ ವರ್ಗ, ಸರ್ಕಾರ ಈ ಮೂವರ ನಡುವಿನ ಹೊಂದಾಣಿಕೆಯನ್ನು ಪ್ರತಿ ದೇಶದಲ್ಲೂ ಬೇರೆಬೇರೆಯಾಗಿ ನೋಡಬೇಕು, ಅವಲಂಬನೆಯ ಜೊತೆಗೇ ಒಂದು ಬಗೆಯ ಅಭಿವೃದ್ಧಿಯೂ ಸಾಧ್ಯ ಎಂದರು ಅವರು. ಕಾರ್ಡೋಸೊ ಮುಂದೆ ಬ್ರೆಜಿಲ್‌ನ ಅಧ್ಯಕ್ಷರಾಗಿ ಮಾರುಕಟ್ಟೆಪರ ನೀತಿ ತಂದದ್ದು ಬೇರೆ ತಮಾಷೆ.

ನಿಮ್ಮ ಉತ್ತರದಲ್ಲಿ ಫ್ರಾಂಕ್ ಒಬ್ಬರನ್ನೇ ನಿಲ್ಲಿಸಿದರೆ ‘ಹಾಗಾದರೆ ಕೊರಿಯಾ?’ ಎಂಬ ಒಂದೇ ಪ್ರಶ್ನೆಗೆ ಅದು ಕುಸಿಯುತ್ತದೆ. ಕಾರ್ಡೋಸೊ ಅವರನ್ನೂ ಸೇರಿಸಿ, ವಾಲ್ಕೋ ದರದ ಲೆಕ್ಕವನ್ನು ಒಂದು ಪ್ಯಾರಾದಲ್ಲಿ ತೋರಿಸಿ. ಹಂತಗಳ ಪಟ್ಟಿಗೆ ಎರಡು ಸಾಲು ಸಾಕು.