ಅಜ್ಜನ ಹೊಲದಲ್ಲಿ ಮೊಮ್ಮಗನ ಪಾಲು: ಹೊಲ ಅಜ್ಜನಿಗೆ ಬಂದದ್ದು ಹೇಗೆ?

ಪ್ರಶ್ನೆ: ನಮ್ಮದು ಜಮಖಂಡಿ ತಾಲ್ಲೂಕಿನ ಹಳ್ಳಿ. ಅಜ್ಜನ ಹೆಸರಲ್ಲಿ 12 ಎಕರೆ ಹೊಲ ಇತ್ತು. ಅಜ್ಜಿ ಮೊದಲೇ ಹೋಗಿದ್ದರು. ಅಜ್ಜ 1991ರಲ್ಲಿ ತೀರಿಕೊಂಡರು, ಮೃತ್ಯುಪತ್ರ ಬರೆದಿಲ್ಲ. ಈಗ ಉತಾರದಲ್ಲಿ ಅಪ್ಪ, ಕಾಕಾ, ಅತ್ತೆ ಮೂವರ ಹೆಸರಿದೆ. ವಾಟ್ನಿ ಆಗಿಲ್ಲ. ಅಪ್ಪ ತಮ್ಮ 4 ಎಕರೆ ಮಾರುವ ಮಾತಾಡುತ್ತಿದ್ದಾರೆ. ನಾನು 1986ರಲ್ಲಿ ಹುಟ್ಟಿದವನು, ಒಬ್ಬ ಅಕ್ಕ ಇದ್ದಾಳೆ. ಅಜ್ಜನ ಆಸ್ತಿಯಲ್ಲಿ ಮೊಮ್ಮಗನಿಗೆ ಹುಟ್ಟಿನಿಂದಲೇ ಹಕ್ಕು ಅಂತಾರೆ. ನನ್ನ ಸಹಿ ಇಲ್ಲದೆ ಅಪ್ಪ ಮಾರಬಹುದಾ?

ಉತ್ತರ: ‘ಅಜ್ಜನ ಆಸ್ತಿ’ ಅಂದ ಮಾತ್ರಕ್ಕೆ ಅದು ಪಿತ್ರಾರ್ಜಿತ ಆಗುವುದಿಲ್ಲ. ಊರ ಕಟ್ಟೆಯ ಮೇಲೆ ಎಲ್ಲರೂ ತಪ್ಪುವುದು ಇಲ್ಲೇ. ಆ ಹೊಲ ಅಜ್ಜನ ಕೈಗೆ ಹೇಗೆ ಬಂತು, ಯಾವ ವರ್ಷ ಬಂತು ಅನ್ನುವುದರ ಮೇಲೆ ನಿಮ್ಮ ಪಾಲು ನಿಂತಿದೆ. ಅದು ಸೊನ್ನೆಯೂ ಆಗಬಹುದು, 30 ಗುಂಟೆಯೂ ಆಗಬಹುದು. ನೀವು ಕೊಟ್ಟ ವಿವರ ಇಟ್ಟುಕೊಂಡೇ ಎರಡೂ ಲೆಕ್ಕ ಹಾಕಿ ತೋರಿಸುತ್ತೇನೆ.

ಮೊದಲು ಅಜ್ಜ ಸ್ವಂತ ದುಡಿಮೆಯಿಂದ ಹೊಲ ಕೊಂಡಿದ್ದರು ಅಂತಿಟ್ಟುಕೊಳ್ಳಿ. ಆಗ ಅದು ಸ್ವಯಾರ್ಜಿತ. ಅವರು ತೀರಿದಾಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಂತೆ ಮೂವರು ಮಕ್ಕಳಿಗೂ ಸಮನಾಗಿ, ತಲಾ 4 ಎಕರೆ ಹೋಯಿತು. ಅಪ್ಪನಿಗೆ ಹೀಗೆ ವಾರಸಾದಿಂದ ಬಂದದ್ದು ಅವರ ಸ್ವಂತ ಆಸ್ತಿ. ಅದರಲ್ಲಿ ಅವರ ಮಕ್ಕಳಿಗೆ ಹುಟ್ಟಿನಿಂದ ಹಕ್ಕಿಲ್ಲ. ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು 1986ರಲ್ಲೇ ಹೇಳಿದೆ. ಅಪ್ಪ ಮಾರಬಹುದು, ಮೃತ್ಯುಪತ್ರ ಮಾಡಿ ಬೇರೆಯವರಿಗೂ ಕೊಡಬಹುದು. ನಿಮ್ಮ ಸಹಿ ಬೇಕಿಲ್ಲ. ಅಪ್ಪ ಏನೂ ಬರೆಯದೆ ಹೋದರೆ ಮಾತ್ರ ನೀವು ವಾರಸುದಾರರು.

ಈಗ ಇನ್ನೊಂದು ದಾರಿ. ನಿಮ್ಮ ಮುತ್ತಜ್ಜ 1956ಕ್ಕೆ ಮೊದಲೇ ತೀರಿಕೊಂಡು ಹೊಲ ಅಜ್ಜನಿಗೆ ಬಂದಿರಬಹುದು. ಇಲ್ಲವೇ ಹಿರಿಯರ ಹೊಲವನ್ನು ಅಜ್ಜ ತಮ್ಮ ಅಣ್ಣತಮ್ಮಂದಿರ ಜೊತೆ ವಾಟ್ನಿ ಮಾಡಿಕೊಂಡಾಗ ಇದು ಅವರ ಪಾಲಿಗೆ ಬಂದಿರಬಹುದು. ಎರಡರಲ್ಲೂ ಅದು ಅಜ್ಜನ ಮಕ್ಕಳು, ಮೊಮ್ಮಕ್ಕಳ ಮಟ್ಟಿಗೆ ಪಿತ್ರಾರ್ಜಿತವೇ. ಅವರೆಲ್ಲ ಹುಟ್ಟಿದ ಕ್ಷಣದಿಂದ ಪಾಲುದಾರರು. ಈ ಗುಂಪಿಗೇ ಕಾನೂನಿನಲ್ಲಿ ಕೋಪಾರ್ಸನರಿ ಅನ್ನುವುದು. ಕುಟುಂಬಕ್ಕೆ ಸೊಸೆಯಾಗಿ ಬಂದವರು ಅವಿಭಕ್ತ ಕುಟುಂಬದ ಸದಸ್ಯರು ಹೌದು, ಆದರೆ ಕೋಪಾರ್ಸನರ್ ಅಲ್ಲ.

ಇಲ್ಲಿ ನಿಮ್ಮ ಜನ್ಮದಿನಾಂಕಕ್ಕೆ ಜಾಸ್ತಿ ಬೆಲೆ ಇದೆ. ಅಜ್ಜ ತೀರುವ 5 ವರ್ಷ ಮೊದಲೇ ನೀವು ಹುಟ್ಟಿದ್ದೀರಿ, ಹಾಗಾಗಿ ಆಗಲೇ ಪಾಲುದಾರರಾಗಿದ್ದಿರಿ. ಉತ್ತಮ್ ಅನ್ನುವವರ ಪ್ರಕರಣದಲ್ಲಿ ಅಜ್ಜ ತೀರಿದ್ದು 1973ರಲ್ಲಿ, ಮೊಮ್ಮಗ ಹುಟ್ಟಿದ್ದು 1977ರಲ್ಲಿ. ಅವನಿಗೆ ಹುಟ್ಟಿನ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ತೀರ್ಪು ಕೊಟ್ಟಿತು. ಎದುರು ವಕೀಲರು ಈ ತೀರ್ಪನ್ನು ಖಂಡಿತ ಹಿಡಿದುಕೊಂಡು ಬರುತ್ತಾರೆ. ಆಗ ಜನ್ಮ ದಾಖಲೆಯೇ ನಿಮ್ಮ ಉತ್ತರ.

ಇನ್ನು ಪಾಲಿನ ಲೆಕ್ಕ. ಅಜ್ಜ ಸಾಯುವ ಮುನ್ನಾದಿನ ವಾಟ್ನಿ ಆಗಿದ್ದರೆ ಯಾರಿಗೆ ಎಷ್ಟು ಬರುತ್ತಿತ್ತು ಎಂದು ಕಾನೂನು ಊಹಿಸಿಕೊಳ್ಳುತ್ತದೆ. ಅಜ್ಜ, ಅಪ್ಪ, ಕಾಕಾ, ಅತ್ತೆ, ನಾಲ್ವರಿಗೆ ತಲಾ 3 ಎಕರೆ. ಅತ್ತೆಗೆ ಯಾಕೆ ಅಂತ ನಿಮ್ಮ ಕಾಕಾ ಕೇಳಬಹುದು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಕೋಪಾರ್ಸನರ್. ಹೆಣ್ಣುಮಗಳ ತಂದೆ ಈ ತಿದ್ದುಪಡಿಗೆ ಮೊದಲೇ ತೀರಿದ್ದರೂ ಈ ಹಕ್ಕು ಉಂಟು ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರಲ್ಲಿ ಖಚಿತವಾಯಿತು. 20 ಡಿಸೆಂಬರ್ 2004ಕ್ಕೆ ಮೊದಲು ನಿಜವಾದ ವಾಟ್ನಿ ಆಗಿದ್ದರೆ ಮಾತು ಬೇರೆ. ನಿಮ್ಮಲ್ಲಿ ಆಗಿಲ್ಲವಲ್ಲ.

ಅಜ್ಜನ ಆ 3 ಎಕರೆ ಮೂವರು ಮಕ್ಕಳಿಗೆ ತಲಾ 1 ಎಕರೆಯಂತೆ ವಾರಸಾ ಆಗುತ್ತದೆ. ಹಾಗೆ ಅಪ್ಪನ ಬಳಿ 3 ಮತ್ತು 1 ಸೇರಿ 4 ಎಕರೆ. ಇವೆರಡರ ಬಣ್ಣ ಬೇರೆ ಬೇರೆ. ಒಂದು ಎಕರೆ ಅಪ್ಪನ ಸ್ವಂತದ್ದು, ಅದನ್ನು ನೀವು ಮುಟ್ಟುವಂತಿಲ್ಲ. ಉಳಿದ 3 ಎಕರೆ, ಅಂದರೆ 120 ಗುಂಟೆಯಲ್ಲಿ ಅಪ್ಪ, ಅಕ್ಕ, ನೀವು ಪಾಲುದಾರರು. ಅಪ್ಪ-ಮಕ್ಕಳ ನಡುವೆ ವಾಟ್ನಿ ಆಗುವಾಗ ತಾಯಿಗೂ ಒಂದು ಸಮ ಪಾಲು ಸಿಗುತ್ತದೆ. ತಾಯಿ ಇದ್ದಾರೆ ಎಂದುಕೊಂಡರೆ ತಲಾ 30 ಗುಂಟೆ.

ಇವೆರಡರಲ್ಲಿ ನಿಮ್ಮದು ಯಾವುದು ಎಂದು ತಿಳಿಯಲು ಈಗಿನ ಉತಾರದ 9ನೇ ಕಾಲಂನ ಹೆಸರು ನೋಡಿ ಸುಮ್ನೆ ಕೂರಬೇಡಿ. ಅದರ ಪಕ್ಕದ 10ನೇ ಕಾಲಂನಲ್ಲಿ ಹಕ್ಕು ಬಂದ ರೀತಿ, ಮ್ಯುಟೇಶನ್ ನಂಬರ್ ಇರುತ್ತದೆ. ಅದನ್ನು ಹಿಡಿದು ಒಂದೊಂದೇ ಮೆಟ್ಟಿಲು ಹಿಂದೆ ಹೋಗಿ, ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಿಂದ ಹಳೆ ಎಂಟ್ರಿಗಳ ನಕಲು ತೆಗೆಸಿ. ಅಜ್ಜನ ಹೆಸರು ಮೊದಲ ಸಲ ಕಾಣುವ ಎಂಟ್ರಿಯಲ್ಲಿ ‘ಖರೀದಿ’ ಅಂತಿದೆಯೋ, ‘ವಾರಸಾ’ ಅಂತಿದೆಯೋ, ‘ವಾಟ್ನಿ’ ಅಂತಿದೆಯೋ ನೋಡಿ. ಜಮಖಂಡಿ 1948ರವರೆಗೆ ಪಟವರ್ಧನರ ಸಂಸ್ಥಾನ. ಹಾಗಾಗಿ ತೀರಾ ಹಳೆಯ ಕಾಗದ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇದ್ದರೆ ಗಾಬರಿಯಾಗಬೇಡಿ. ಓದಬಲ್ಲವರು ಇನ್ನೂ ಸಿಗುತ್ತಾರೆ. ನನ್ನ ಹತ್ತಿರ ಒಬ್ಬರು ‘ನಮ್ಮದು ನಾಲ್ಕು ತಲೆಮಾರಿನ ಹೊಲ’ ಅಂತ ಬಂದಿದ್ದರು. ಎಂಟ್ರಿ ತೆಗೆಸಿದರೆ ಅವರ ಅಜ್ಜನ ಹೆಸರಿನ ಎದುರು ‘ಖರೀದಿ’ ಅಂತ ಮಸಿಯಲ್ಲಿ ಬರೆದಿತ್ತು. ದಾವೆಯ ಮಾತು ಅಲ್ಲಿಗೇ ನಿಂತಿತು.

ಹಾಗಂತ ‘ಖರೀದಿ’ ಅಂತಿದ್ದರೆ ಯಾವಾಗಲೂ ಎಲ್ಲ ಮುಗಿಯಿತು ಅಂತಲ್ಲ. ಹಿರಿಯರ ಹೊಲದ ಹುಟ್ಟುವಳಿಯಿಂದ ಅಜ್ಜ ಅದನ್ನು ಕೊಂಡಿದ್ದರೆ ಅದೂ ಕುಟುಂಬದ ಆಸ್ತಿಯೇ. ಆದರೆ ಅಂಥ ಹೊಲ ಇತ್ತು, ಖರ್ಚು ಕಳೆದು ದುಡ್ಡು ಉಳಿಯುತ್ತಿತ್ತು ಎಂದು ತೋರಿಸುವ ಹೊಣೆ ನಿಮ್ಮದು. ಕೂಡಿ ಇದ್ದೆವು, ಒಂದೇ ಒಲೆ ಇತ್ತು ಎಂದರೆ ಕೋರ್ಟಿಗೆ ಸಾಲದು.

ಹೊಲ ಪಿತ್ರಾರ್ಜಿತ ಎಂದೇ ತಿಳಿಯಿತು ಅನ್ನಿ. ಆಗಲೂ ನಿಮ್ಮ ಸಹಿ ಇಲ್ಲ ಅಂದ ಮಾತ್ರಕ್ಕೆ ಅಪ್ಪನ ಮಾರಾಟ ಬಿದ್ದುಹೋಗುವುದಿಲ್ಲ. ಮನೆಯ ಕರ್ತನಾಗಿ ಅವರು ಕುಟುಂಬದ ಅಗತ್ಯಕ್ಕೆ ಮಾರಬಹುದು. ಸಾಲ ತೀರಿಸುವುದು, ಮದುವೆ, ಆಸ್ಪತ್ರೆ ಖರ್ಚು ಇಂಥವು. ಅಂಥ ಅಗತ್ಯವಿತ್ತು, ಇಲ್ಲವೇ ತಕ್ಕಮಟ್ಟಿಗೆ ವಿಚಾರಿಸಿ ನಂಬಿ ಕೊಂಡೆ ಎಂದು ತೋರಿಸುವ ಹೊಣೆ ಕೊಂಡವನದು. ಅಗತ್ಯವೇ ಇರಲಿಲ್ಲ ಎಂದಾದರೆ ನೀವು ಪ್ರಶ್ನಿಸಬಹುದು. ಕೊಂಡವನು ಹೊಲದ ಕಬ್ಜಾ ತೆಗೆದುಕೊಂಡ ದಿನದಿಂದ 12 ವರ್ಷ ಗಡುವು.

ಮಾರುವ ಮೊದಲೇ ಪಾಲು ಕೇಳಿ ದಾವೆ ಹಾಕೋಣ ಅಂದರೆ ನಮ್ಮ ಸೀಮೆಗೇ ಸೇರಿದ ಒಂದು ತೊಡಕಿದೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ 1956ರವರೆಗೆ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು. ಅಪ್ಪ ತನ್ನ ತಂದೆಯ ಜೊತೆ ಅಥವಾ ಅಣ್ಣತಮ್ಮಂದಿರ ಜೊತೆ ಇನ್ನೂ ಕೂಡಿಯೇ ಇದ್ದರೆ, ಅಪ್ಪನ ಒಪ್ಪಿಗೆ ಇಲ್ಲದೆ ಮಗ ವಾಟ್ನಿ ಕೇಳುವಂತಿಲ್ಲ ಎಂದು ಮುಂಬೈ ಹೈಕೋರ್ಟ್ 1891ರಲ್ಲಿ ಹೇಳಿತ್ತು. ನಿಮ್ಮ ಅಪ್ಪ, ಕಾಕಾ ಇನ್ನೂ ಬೇರೆಯಾಗಿಲ್ಲ. ಉತಾರದಲ್ಲಿ ಮೂರು ಹೆಸರು ಬಂದದ್ದು ವಾರಸಾ ಅಷ್ಟೇ, ವಾಟ್ನಿ ಅಲ್ಲ. ಹಾಗಾಗಿ ದಾವೆಯಲ್ಲಿ ಮೊದಲ ಆಕ್ಷೇಪ ಇದೇ ಬರುತ್ತದೆ. ಅಪ್ಪ, ಕಾಕಾ, ಅತ್ತೆ ಕೂತು ವಾಟ್ನಿ ಮಾಡಿಕೊಂಡು ಅದನ್ನು ನೋಂದಣಿ ಮಾಡಿಸಿದರೆ ಆ ತೊಡಕು ಹೋಗುತ್ತದೆ. ಆಮೇಲೆ ನಿಮ್ಮ 30 ಗುಂಟೆಯನ್ನು ಅಪ್ಪನ ಹತ್ತಿರ ನೇರವಾಗಿ ಕೇಳಬಹುದು.