ಅಸಲಿ ಫೋಟೋಗೂ ಎಐ ಹಣೆಪಟ್ಟಿ ಬೀಳುವುದು ಯಾಕೆ?

ಪ್ರಶ್ನೆ: ನಾನೇ ತೆಗೆದ ಫೋಟೋ. ಬ್ಯೂಟಿ ಫಿಲ್ಟರ್ ಹಾಕಿ ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ಆ ಕಾಪಿಯನ್ನು ಡಿಟೆಕ್ಟರ್ ಎಐ ಚಿತ್ರ ಅನ್ನುತ್ತಿದೆ. ಯಾಕೆ?

ಉತ್ತರ: ಕ್ಯಾಮೆರಾ ಬಿಟ್ಟುಹೋದ ಗುರುತುಗಳು ಆ ಕಾಪಿಯಲ್ಲಿ ಅಳಿಸಿಹೋಗಿವೆ, ಅದಕ್ಕೆ.

ಕ್ಯಾಮೆರಾದ ಸೆನ್ಸರ್ ಪ್ರತಿ ಫೋಟೋದಲ್ಲೂ ಸಣ್ಣ ಕಾಳುಕಾಳಾದ ಏರಿಳಿತ ಬಿಡುತ್ತದೆ. ಇದಕ್ಕೆ ನಾಯ್ಸ್ ಅಂತಾರೆ. ಕಣ್ಣಿಗೆ ಕಾಣದಿದ್ದರೂ ಲೆಕ್ಕಕ್ಕೆ ಸಿಗುತ್ತದೆ. ಎಐ ಚಿತ್ರದಲ್ಲಿ ಅದು ಸಾಮಾನ್ಯವಾಗಿ ಹಾಗೇ ಇರುವುದಿಲ್ಲ. ಅಲ್ಲಿ ಹಲವು ಸಲ ಅಸಹಜ ನುಣುಪು, ಒಂದೇ ಅಂತರದಲ್ಲಿ ಮರುಕಳಿಸುವ ವಿನ್ಯಾಸ ಇರುತ್ತದೆ. ಹಲವು ಡಿಟೆಕ್ಟರ್‌ಗಳು ಹುಡುಕುವುದು ಇಂಥ ವ್ಯತ್ಯಾಸವನ್ನೇ.

ಈಗ ನಿಮ್ಮ ಫೋಟೋದ ಕೆನ್ನೆಯ ಭಾಗ ನೋಡಿ. ಫಿಲ್ಟರ್ ಮೊದಲೇ ಅದನ್ನು ನುಣುಪು ಮಾಡಿದೆ. ಆಮೇಲೆ ಕಳಿಸುವಾಗ ವಾಟ್ಸಾಪ್ ಫೋಟೋವನ್ನು ಜೆಪೆಗ್ ಅನ್ನುವ ವಿಧಾನದಲ್ಲಿ ಕುಗ್ಗಿಸುತ್ತದೆ, ಅಂದರೆ ಕಂಪ್ರೆಸ್ ಮಾಡುತ್ತದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ ಚೌಕಗಳಾಗಿ ಒಡೆಯುತ್ತದೆ. ಒಂದೊಂದು ಚೌಕಕ್ಕೂ 64 ಸಂಖ್ಯೆ. ಸಣ್ಣ ಏರಿಳಿತದ ಸಂಖ್ಯೆಗಳನ್ನು ಜಾಸ್ತಿ ಒರಟಾಗಿ ದುಂಡು ಮಾಡುವುದರಿಂದ ಅವು ಸೊನ್ನೆಯಾಗುತ್ತವೆ. ಕಂಪ್ರೆಷನ್ ಜೋರಾಗಿದ್ದರೆ ಕೆನ್ನೆಯ ಚೌಕದಲ್ಲಿ ಸರಾಸರಿ ಬಣ್ಣ ಬಿಟ್ಟು ಬೇರೇನೂ ಉಳಿಯದೇ ಇರಬಹುದು. ನಾಯ್ಸ್ ಹೋಯಿತು, ಮೇಲಿಂದ 8 ಪಿಕ್ಸೆಲ್‌ಗೊಮ್ಮೆ ಗೆರೆಗಳ ಜಾಲ ಬಂತು. ಡಿಟೆಕ್ಟರ್ ಇದನ್ನೇ ಎಐ ಗುರುತು ಅಂದುಕೊಳ್ಳಬಹುದು, ಅಲ್ವಾ?

ಫೋನಿನಲ್ಲಿರುವ, ಫಿಲ್ಟರ್ ಹಾಕದ ಮೂಲ ಫೈಲನ್ನೇ ಅದೇ ಡಿಟೆಕ್ಟರ್‌ಗೆ ಹಾಕಿ ನೋಡಿ. ಎಐ ಚಿತ್ರ ಅನ್ನುವ ಅಂಕ ತುಂಬಾ ಇಳಿದರೆ ತಪ್ಪು ಫಿಲ್ಟರ್ ಮತ್ತು ಕಂಪ್ರೆಷನ್‌ನದು. ಆದರೆ ಎಡಿಟರ್‌ನಲ್ಲಿ ಹಿಂದಿದ್ದವರನ್ನು ಅಳಿಸಿ ಆ ಜಾಗವನ್ನು ಎಐಯಿಂದ ತುಂಬಿಸಿದ್ದರೆ ಅಷ್ಟು ಭಾಗ ನಿಜಕ್ಕೂ ಎಐ ಮಾಡಿದ್ದೇ. ಅದನ್ನು ಡಿಟೆಕ್ಟರ್‌ನ ತಪ್ಪು ಅನ್ನುವ ಹಾಗಿಲ್ಲ.